ಮೂರು ಹಾಳೆಯ ವೇಳಾಪಟ್ಟಿ

ಸತ್ತೇಗಾಲದ ಗುರುಮಲ್ಲಪ್ಪನ ಮಗಳು ನಾಗಶ್ರೀಗೆ ಹತ್ತೊಂಬತ್ತು ವರ್ಷ. ಕೊಳ್ಳೇಗಾಲದ ಕಾಲೇಜಿನಲ್ಲಿ ಬಿ.ಕಾಂ. ಮೂರನೇ ಸೆಮಿಸ್ಟರ್. ಶಾಲೆಯಲ್ಲಿದ್ದಾಗಿನಿಂದಲೂ ಮಾತು ಕಡಿಮೆ. ಬೈದರೆ ತಲೆ ತಗ್ಗಿಸಿ ಕೇಳುತ್ತಾಳೆ, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕಷ್ಟವಾದಾಗ ಒಂದೇ ಪುಸ್ತಕದ ಲೆಕ್ಕಗಳನ್ನು ಮೂರು ಸಲ ಮಾಡಿ ಪಾಸಾದ ಹುಡುಗಿ.

ಆ ಸೆಮಿಸ್ಟರ್ ಶುರುವಾದ ಎರಡನೇ ವಾರದಲ್ಲಿ ಅವಳ ತಾಯಿ ಪುಟ್ಟಬಸಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಮೂರು ತಿಂಗಳು ಬಿಂದಿಗೆ ಎತ್ತಬಾರದು, ಬಗ್ಗಿ ಕಸ ಗುಡಿಸಬಾರದು, ಹಸುವಿನ ಹತ್ತಿರ ಕುಕ್ಕರಗಾಲಲ್ಲಿ ಕೂರಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಐದಕ್ಕೆ ನಾಗಶ್ರೀ ಎದ್ದು ಹಾಲು ಕರೆದಳು. ಯಾರೂ ಅವಳಿಗೆ ಹೇಳಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. ಎರಡು ಸೀಮೆ ಹಸು, ಕೊಟ್ಟಿಗೆ, ಅಡುಗೆ, ಪಾತ್ರೆ, ವಾರದಲ್ಲಿ ಮೂರ್ನಾಲ್ಕು ದಿನ ಮಾತ್ರ ಬರುವ ನಲ್ಲಿ ನೀರು, ಎಲ್ಲವೂ ತಾನಾಗಿಯೇ ತಾಯಿಯ ಕೈಯಿಂದ ಮಗಳ ಕೈಗೆ ಬಂದವು. ಗುರುಮಲ್ಲಪ್ಪ ಬೆಳಗಾಗುವ ಮೊದಲೇ ಗದ್ದೆ ಕಡೆ ಹೋಗಿಬಿಡುತ್ತಿದ್ದ. ಅಣ್ಣ ಬಸವೇಶ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದ. ಕೆಲಸದಿಂದ ಬಂದರೆ ಊಟ, ನಿದ್ದೆ.

ಎಂಟೂಕಾಲಿನ ಬಸ್ಸು ಹಿಡಿದರೆ ಒಂಬತ್ತೂವರೆಯ ಮೊದಲ ಪೀರಿಯಡ್ಡಿಗೆ ಸುಖವಾಗಿ ತಲುಪಬಹುದು. ಅದು ತಪ್ಪಿದರೆ ಮುಂದಿನದು ಎಂಟು ಐವತ್ತಕ್ಕೆ. ಅದರಲ್ಲಿ ಹೋದರೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗಲೇ ಒಂಬತ್ತೂವರೆ. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಮೊದಲ ಪೀರಿಯಡ್ಡು ಸ್ಟಾಟಿಸ್ಟಿಕ್ಸ್. ಹೀಗಾಗಿ ಬಸ್ಸು ತಪ್ಪಿದ ದಿನವೆಲ್ಲ ತಪ್ಪುತ್ತಿದ್ದುದು ಅದೊಂದೇ ವಿಷಯ. ಅವಳಿಗೆ ಕಷ್ಟವಾಗಿದ್ದುದೂ ಅದೇ.

ಸೆಮಿಸ್ಟರಿನ ಏಳು ವಾರ ಕಳೆದ ಮೇಲೆ ಒಂದು ಶನಿವಾರ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕಡಿಮೆಯಿರುವವರ ಪಟ್ಟಿ ಬಂತು. ನಾಲ್ಕನೆಯ ಹೆಸರು ನಾಗಶ್ರೀಯದು. ಸ್ಟಾಟಿಸ್ಟಿಕ್ಸ್‌ನಲ್ಲಿ ಇಪ್ಪತ್ತೆಂಟು ಕ್ಲಾಸಿಗೆ ಹದಿನೇಳು. ಶೇಕಡ ಎಪ್ಪತ್ತೈದು ಇಲ್ಲದಿದ್ದರೆ ಆ ಪರೀಕ್ಷೆಗೆ ಕೂರಿಸುವುದಿಲ್ಲ. ಹೆಸರು ನೋಡಿದವಳೇ ಸೀದಾ ಸ್ಟಾಫ್ ರೂಮಿಗೆ ಹೋದಳು.

ಸ್ಟಾಟಿಸ್ಟಿಕ್ಸ್ ತೆಗೆದುಕೊಳ್ಳುತ್ತಿದ್ದವರು ಜ್ಯೋತಿಲಕ್ಷ್ಮಿ ಮೇಡಮ್. ದಿನವೂ ಹನೂರಿನಿಂದ ಬಸ್ಸಿನಲ್ಲಿ ಓಡಾಡುವವರು. ಪ್ರತಿ ಸೆಮಿಸ್ಟರ್ ಇಡೀ ಕಾಲೇಜಿನ ಟೈಮ್ ಟೇಬಲ್ ಹಾಕುವ ಕೆಲಸವೂ ಅವರದೇ. ಮನೆಯ ವಿಷಯವನ್ನೆಲ್ಲ ಕೇಳಿಸಿಕೊಂಡು ಅವರು ಕರುಣೆಯ ಮಾತೇನೂ ಆಡಲಿಲ್ಲ.

"ಮೆಡಿಕಲ್ ಸರ್ಟಿಫಿಕೇಟ್ ನಿಮ್ಮಮ್ಮಂದು, ನಿನ್ನದಲ್ಲ. ಅದರಿಂದ ಏನೂ ಆಗಲ್ಲ. ಸೋಮವಾರ ಬರ್ತಾ ನಿನ್ನ ವಾರದ ಟೈಮ್ ಟೇಬಲ್ ಒಂದು ಬರ್ಕೊಂಡು ಬಾ" ಎಂದರು.

ಭಾನುವಾರ ಮಧ್ಯಾಹ್ನ ನಾಗಶ್ರೀ ಸ್ಕೆಚ್ ಪೆನ್ನು ಹಿಡಿದು ಕೂತಳು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ನಾಲ್ಕರಿಂದ ಆರು ಅಕೌಂಟ್ಸ್, ಸಂಜೆ ಏಳರಿಂದ ಹತ್ತೂವರೆ ಸ್ಟಾಟಿಸ್ಟಿಕ್ಸ್. ಕಾಲೇಜಿಗೆ ನೀಲಿ, ಟ್ಯೂಷನ್ನಿಗೆ ಹಸಿರು, ಓದಿಗೆ ಕೆಂಪು. ನೋಡುವುದಕ್ಕೆ ಬಲು ಚೆನ್ನಾಗಿತ್ತು. ಮೇಡಮ್ ಅದನ್ನು ಮೇಜಿನ ಮೇಲೆ ಹರಡಿ ಕನ್ನಡಕ ಏರಿಸಿಕೊಂಡರು.

"ಹಸು ಎಲ್ಲಿದೆ?"

ನಾಗಶ್ರೀಗೆ ಅರ್ಥವಾಗಲಿಲ್ಲ.

"ಎರಡು ಹಸು ಇವೆ ಅಂದೆಯಲ್ಲ. ಇದರಲ್ಲಿ ಒಂದೂ ಕಾಣ್ತಿಲ್ಲ. ಅಡುಗೆ ಇಲ್ಲ, ನೀರಿಲ್ಲ. ಬಸ್ಸೂ ಇಲ್ಲ. ಸತ್ತೇಗಾಲದಿಂದ ಹಾರ್ಕೊಂಡು ಬರ್ತೀಯಾ?"

"ಅದು ಮನೆ ಕೆಲಸ ಮೇಡಮ್. ಅದನ್ನೂ ಬರೀಬೇಕಾ?"

"ಅದನ್ನೇ ಮೊದಲು ಬರೀಬೇಕು." ಮೇಡಮ್ ಹಾಳೆ ಮಡಚಿ ವಾಪಸು ಕೊಟ್ಟರು. "ನಾನು ಕಾಲೇಜಿನ ಟೈಮ್ ಟೇಬಲ್ ಹಾಕುವಾಗ ಮೊದಲು ಏನು ಹಾಕ್ತೀನಿ ಗೊತ್ತಾ? ಲ್ಯಾಬು. ಲ್ಯಾಬ್ ಒಂದೇ ಇರೋದು, ಅದನ್ನ ಅಲ್ಲಾಡಿಸೋಕಾಗಲ್ಲ. ಅಲ್ಲಾಡದ್ದನ್ನ ಮೊದಲು ಕೂರಿಸಿ, ಉಳಿದ ಜಾಗಕ್ಕೆ ಬೇರೆಯದನ್ನ ಹೊಂದಿಸೋದು. ನೀನು ಉಲ್ಟಾ ಮಾಡಿದೀಯ. ಈಗ ಒಂದು ಕೆಲಸ ಮಾಡು. ಈ ವಾರ ಏನನ್ನೂ ಬದಲಾಯಿಸಬೇಡ. ಎದ್ದಾಗಿಂದ ಮಲಗೋವರೆಗೆ ಯಾವ ಗಂಟೇಲಿ ಏನು ಮಾಡಿದೆ ಅಂತ ಬರೀ, ಅಷ್ಟೆ. ಸುಳ್ಳು ಬರೀಬೇಡ, ಮೊಬೈಲ್ ನೋಡಿದ್ರೆ ಅದನ್ನೂ ಬರೀ."

ಆ ವಾರ ನಾಗಶ್ರೀ ಒಂದು ಪುಟ್ಟ ನೋಟ್‌ಬುಕ್ಕನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು ಬರೆದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡು ಮೊಬೈಲಿನಲ್ಲಿ ಬರೆದಳು. ಆ ವಾರವೂ ಎರಡು ಕ್ಲಾಸು ತಪ್ಪಿದವು. ಮುಂದಿನ ಶನಿವಾರ ಕ್ಲಾಸುಗಳು ಮುಗಿದ ಮೇಲೆ ಇಬ್ಬರೂ ಲೈಬ್ರರಿಯ ಕೊನೆಯ ಮೇಜಿನಲ್ಲಿ ಕೂತು, ಬರೆಯದೆ ಉಳಿದ ಭಾನುವಾರಕ್ಕೆ ಅಂದಾಜು ಸೇರಿಸಿ ಕೂಡಿಸಿದರು. ವಾರಕ್ಕೆ ನೂರ ಅರವತ್ತೆಂಟು ಗಂಟೆ. ಅದರಲ್ಲಿ ಮನೆ ಕೆಲಸ ನಲವತ್ತೆಂಟು. ಕಾಲೇಜಿನ ಪಾಠ ಇಪ್ಪತ್ತೇಳು. ಬಸ್ಸು, ಬಸ್ಸಿಗೆ ಕಾಯುವುದು ಹನ್ನೆರಡು. ನಿದ್ದೆ ನಲವತ್ತು. ಟ್ಯೂಷನ್ನು ನಾಲ್ಕು ದಿನ ಇದ್ದರೂ ಹೋದದ್ದು ಮೂರು ಗಂಟೆ. ಊಟ, ಸ್ನಾನ, ಬಿಡುವಿನ ಪೀರಿಯಡ್ಡು, ಮೊಬೈಲು ಎಲ್ಲ ಸೇರಿ ಮೂವತ್ತನಾಲ್ಕು. ಮನೆಯಲ್ಲಿ ಓದಿದ್ದು ನಾಲ್ಕು ಗಂಟೆ.

ತಾನು ವಾರದಲ್ಲಿ ಓದಿದ್ದು ನಾಲ್ಕೇ ಗಂಟೆ ಎಂದು ನಾಗಶ್ರೀ ನಂಬಲಿಲ್ಲ. ಇನ್ನೊಮ್ಮೆ ಕೂಡಿಸಿದಳು. ಅಷ್ಟೇ ಬಂತು.

"ನಾನು ಸೋಮಾರಿ ಅಂದ್ಕೊಂಡಿದ್ದೆ ಮೇಡಮ್" ಎಂದಳು.

ಜ್ಯೋತಿಲಕ್ಷ್ಮಿ ಪೆನ್ಸಿಲಿನಿಂದ ಎರಡು ಕಡೆ ಗುರುತು ಹಾಕಿದರು. "ಮಂಗಳವಾರ, ಗುರುವಾರ ಬಸ್ಸು ತಪ್ಪಿದೆ. ಎರಡು ದಿನವೂ ಏಳು ಗಂಟೆಗೆ ನೀರು ಬಂದಿದೆ. ಹಾಲಿನ ಡೈರಿಗೆ ಹೋಗಿ ಬರೋದಕ್ಕೇ ನಿನಗೆ ಮುಕ್ಕಾಲು ಗಂಟೆ. ನೀರಿಲ್ಲದ ದಿನ ಅದು ಹೇಗೋ ಹೊಂದತ್ತೆ. ನೀರು ಬಂದ ದಿನ ಹೊಂದಲ್ಲ. ನೀನು ಎಷ್ಟೇ ಬೇಗ ಎದ್ದರೂ ಹೊಂದಲ್ಲ. ಯಾಕಂದ್ರೆ ನಲ್ಲಿ, ಡೈರಿ, ಬಸ್ಸು ಮೂರೂ ಒಂದೇ ಗಂಟೇಲಿವೆ, ಮೂರೂ ಅಲ್ಲಾಡಲ್ಲ."

ಆಮೇಲೆ ಹಾಜರಾತಿಯ ಲೆಕ್ಕ ಹಾಕಿದರು. ಇಲ್ಲಿಯವರೆಗೆ ಮೂವತ್ತೆರಡು ಕ್ಲಾಸು, ಬಂದದ್ದು ಹತ್ತೊಂಬತ್ತು. ಇನ್ನು ಆರು ವಾರ, ವಾರಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು. ಒಟ್ಟು ಐವತ್ತಾರು. ಅದರ ಮುಕ್ಕಾಲು ಭಾಗ ನಲವತ್ತೆರಡು. ಅಂದರೆ ಇನ್ನು ಇಪ್ಪತ್ತಮೂರು ಬರಲೇಬೇಕು.

"ಒಂದು ತಪ್ಪಿಸಬಹುದು. ಒಂದೇ ಒಂದು. ನಾನು ಸುಳ್ಳು ಹಾಜರಾತಿ ಹಾಕೋಳಲ್ಲ, ಅದು ನಿನಗೂ ಗೊತ್ತು" ಎಂದರು ಮೇಡಮ್. "ಮನೇಲಿ ಇನ್ನೂ ಇಬ್ಬರು ಗಂಡಸರಿದಾರೆ. ಈ ಚಾರ್ಟಿನಲ್ಲಿ ಅವರ ಹೆಸರು ಬರದೆ ಇದು ಆಗಲ್ಲ ನಾಗಶ್ರೀ. ಅದನ್ನ ನಾನು ಬಂದು ಮಾಡೋಕಾಗಲ್ಲ."

ಅಲ್ಲಿಂದ ಅವಳು ಟ್ಯೂಷನ್ನಿನ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರ ಮನೆಗೆ ನಡೆದಳು. ರಿಟೈರಾದ ಮೇಲೆ ಮನೆಯ ಜಗುಲಿಯಲ್ಲೇ ಅಕೌಂಟ್ಸ್, ಸ್ಟಾಟಿಸ್ಟಿಕ್ಸ್ ಎರಡೂ ಹೇಳಿಕೊಡುತ್ತಿದ್ದವರು. ಅವಳ ಬ್ಯಾಚು ವಾರದಲ್ಲಿ ನಾಲ್ಕು ದಿನ, ಸಂಜೆ ನಾಲ್ಕೂವರೆಯಿಂದ ಐದೂವರೆ. ಅಲ್ಲಿಂದ ಹೊರಟು ಊರು ಸೇರುವಷ್ಟರಲ್ಲಿ ಆರೂವರೆ, ಸಂಜೆಯ ಹಾಲಿಗೆ ಡೈರಿ ಮುಚ್ಚುವ ಹೊತ್ತು.

"ಸರ್, ನಾನು ಶನಿವಾರ ಎರಡರಿಂದ ನಾಲ್ಕು ಬರಬಹುದಾ?"

"ಅದು ಫೈನಲ್ ಇಯರ್ ಬ್ಯಾಚ್ ಕಣಮ್ಮ. ನಿನ್ ಪಾಠ ಇರಲ್ಲ."

"ಪಾಠ ಬೇಡ ಸರ್. ಮೂಲೇಲಿ ಕೂತ್ಕೊಂಡು ನನ್ನ ಲೆಕ್ಕ ಮಾಡ್ತೀನಿ. ತಪ್ಪಿದ್ರೆ ಹೇಳಿ, ಸಾಕು."

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ವಾರವೆಲ್ಲ ನೀನೇ ಮಾಡ್ಕಂಡು ಬರ್ಬೇಕು. ಎಲ್ಲಿ ಸಿಕ್ಕಾಕ್ಕೊಂಡಿದೀಯ ಅನ್ನೋದಷ್ಟೆ ಇಲ್ಲಿ ಬಿಡ್ಸೋದು. ಒಪ್ಪಿಗೆಯಾ?"

ಒಪ್ಪಿಗೆ ಎಂದು ಹೇಳಿ ಹೊರಟಳು. ಅರ್ಧ ಕೆಲಸ ಆಗಿತ್ತು. ಇನ್ನರ್ಧ ಮನೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಇಡ್ಲಿ ತಿಂದಾದ ಮೇಲೆ ಅಪ್ಪ ಏಳುವುದರೊಳಗೆ ನಾಗಶ್ರೀ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಪಡಸಾಲೆಯಲ್ಲಿ ಹಾಸಿದಳು. ಮೇಲೆ ಏಳು ದಿನ, ಪಕ್ಕದಲ್ಲಿ ಗಂಟೆಗಳು, ನಡುವೆ ಗೆರೆ ಎಳೆದ ಚೌಕದ ಮನೆಗಳು. ನಲ್ಲಿ, ಡೈರಿ, ಬಸ್ಸು, ಕಾಲೇಜು ಪೆನ್ನಿನಲ್ಲಿ. ಉಳಿದದ್ದೆಲ್ಲ ಪೆನ್ಸಿಲಿನಲ್ಲಿ. ಹಾಲು ಕರೆಯುವ ಮನೆ, ಕೊಟ್ಟಿಗೆಯ ಮನೆ, ನೀರಿನ ಮನೆಯಲ್ಲಿ ಮಾತ್ರ ಹೆಸರು ಬರೆಯದೆ ಬಿಟ್ಟಿದ್ದಳು. ಪುಟ್ಟಬಸಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು.

"ಇದೇನ್ ಕೂಸೇ, ಪಗಡೆ ಆಟ್ವ?" ಎಂದ ಗುರುಮಲ್ಲಪ್ಪ.

ಅವಳು ಹಾಜರಾತಿಯ ಲೆಕ್ಕದಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಅಷ್ಟು ದೊಡ್ಡ ಮಾತನ್ನು ಅಪ್ಪನ ಮುಂದೆ ಅವಳು ಎಂದೂ ಆಡಿರಲಿಲ್ಲ. ಗುರುಮಲ್ಲಪ್ಪ ಕೆಟ್ಟವನಲ್ಲ. ಮಗಳು ಓದಲಿ ಎಂದು ತಾನೇ ಕಾಲೇಜಿಗೆ ಸೇರಿಸಿದವನು. ಆದರೆ ಅವನಿಗೆ ಹೊಳೆದ ದಾರಿ ಬೇರೆ.

"ಅಷ್ಟ್ ಕಷ್ಟ ಯಾಕ್ ಪಡ್ತಿಯವ್ವ? ಈ ಒಂದ್ ವರ್ಷ ಬುಟ್ಬುಡು. ನಿಮ್ಮವ್ವ ಸುಧಾರಿಸ್ಕಳ್ಳಿ. ಮುಂದಿನ್ ವರ್ಷ ಓಗಿವಂತೆ."

"ಬುಡಕಿಲ್ಲ ಅಪ್ಪ" ಎಂದಳು ನಾಗಶ್ರೀ.

"ನಂಗೂ ಶಿಫ್ಟ್ ಮಾಡಿ ಸಾಕಾಗೋಗಿರ್ತದೆ ಕಣೆ. ಬಂದು ಸಗಣಿ ಬಾಚು ಅಂದ್ರೆ ಎಂಗೆ?" ಎಂದು ಬಸವೇಶ ಗೊಣಗಿದ. ಆ ಬೆಳಿಗ್ಗೆ ತಾನೇ ರಾತ್ರಿ ಪಾಳಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಗಿತ್ತು.

"ನಿಂದು ಎಂಟ್ ಗಂಟೆ ಶಿಫ್ಟು ಅಣ್ಣ. ನಂದು ನೋಡು." ಅವಳು ಹಾಳೆಯ ಮೇಲೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಬೆರಳು ಎಳೆದಳು. "ನಾನ್ ನಿಂಗ ಸಗಣಿ ಬಾಚು ಅಂತಿಲ್ಲ. ಹಾಲ್ನ ಡೈರಿಗೆ ತಕಂಡೋಗು ಅಂತಿವ್ನಿ. ಬೈಕಲ್ಲಿ ಓದ್ರೆ ಹತ್ ನಿಮ್ಸ."

ಬಸವೇಶ ಹಾಳೆಯನ್ನು ನೋಡಿದ. ಶಿಫ್ಟಿನ ಚಾರ್ಟು ನೋಡಿ ಅಭ್ಯಾಸವಿದ್ದವನಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. ಹೆಸರಿದ್ದ ಮನೆಯಲ್ಲೆಲ್ಲ ಒಂದೇ ಹೆಸರು. "ಆಯ್ತು, ಡೈರಿ ನಂಗಿರ್ಲಿ" ಎಂದ.

"ಹೆಣ್ಮಗಳು ಮನೆ ಕೆಲ್ಸ ಮಾಡೋದ್ನೆಲ್ಲ ಇಂಗೆ ಬರ್ಕೊಂಡ್ ಕೂತ್ರೆ..." ಎಂದು ಗುರುಮಲ್ಲಪ್ಪ ಮತ್ತೆ ಬಾಯಿ ತೆಗೆದ. "ಒಂದ್ ವರ್ಷ ತಾನೆ ನಾನ್ ಯೋಳ್ತಿರದು."

ಆಗ ಮಂಚದ ಮೇಲಿಂದ ಪುಟ್ಟಬಸಮ್ಮ ಮಾತಾಡಿದಳು. ಆಪರೇಷನ್ ಆದಮೇಲೆ ಅವಳ ದನಿ ಇನ್ನೂ ಕುಗ್ಗಿಯೇ ಇತ್ತು.

"ನಾನ್ ಏಳ್ನೇ ಕ್ಲಾಸಲ್ಲಿದ್ದಾಗ ನಮ್ಮವ್ವಂಗೆ ಕೂಸಾಯ್ತು. ನಮ್ಮಪ್ಪನೂ ಇಂಗೇ ಯೋಳಿದ್ದ, ಒಂದ್ ವರ್ಷ ಬುಡು ಅಂತ. ಆ ಒಂದ್ ವರ್ಷ ಇನ್ನೂ ಮುಗ್ದಿಲ್ಲ ಕಣ್ರಿ."

ಗುರುಮಲ್ಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, "ನೀರ್ ಎಲ್ಲದೆ ಇದ್ರಲ್ಲಿ?" ಎಂದು ಕೇಳಿದ. ನಾಗಶ್ರೀ ತೋರಿಸಿದಳು. "ಅಲ್ಲಿ ನನ್ ಎಸ್ರು ಬರಿ. ಕೊಟ್ಗೆಗೂ ಬರಿ. ಹಾಲೂ ನಾನೇ ಕರಿತಿನಿ. ಗದ್ದೆಗೆ ಎಂಟ್ ಗಂಟೆಗ್ ಓದ್ರಾಯ್ತು."

"ಕೂತ್ಕಂಡ್ ಮಾಡೋ ಕೆಲ್ಸಕ್ಕೆ ನನ್ ಎಸ್ರೂ ಬರಿ" ಎಂದಳು ಪುಟ್ಟಬಸಮ್ಮ. "ತರ್ಕಾರಿ ಎಚ್ಚದು, ಅಕ್ಕಿ ಆಯ್ಕೊಡದು ನಂಗಾಯ್ತದೆ. ಸುಮ್ನೆ ಕೂತು ಕೂತು ತಲೆ ಕೆಟ್ಟೋಗದೆ."

ಅಡುಗೆ ನಾಗಶ್ರೀಯದೇ ಉಳಿಯಿತು. ಬೆಳಿಗ್ಗೆ ಐದೂವರೆಯಿಂದ ಏಳೂಕಾಲು, ಸಂಜೆ ಒಂದು ಗಂಟೆ. ಎಂಟಕ್ಕೆ ಮನೆ ಬಿಡುವುದು. ಮಧ್ಯಾಹ್ನದ ಬಿಡುವಿನ ಪೀರಿಯಡ್ಡು ದಿನವೂ ಲೈಬ್ರರಿಯಲ್ಲಿ. ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಓದು, ಹತ್ತಕ್ಕೆ ನಿದ್ದೆ. ನಾಲ್ಕಕ್ಕೆ ಏಳುವುದನ್ನು ಹೊಡೆದುಹಾಕಿದ್ದಳು. ಬುಧವಾರ ರಾತ್ರಿಯ ಓದಿನ ಮನೆಯನ್ನು ಬೇಕೆಂದೇ ಖಾಲಿ ಬಿಟ್ಟಳು. ವಾರದಲ್ಲಿ ಏನಾದರೂ ಒಂದು ತಪ್ಪೇ ತಪ್ಪುತ್ತದೆ, ಅದನ್ನು ತುಂಬಿಕೊಳ್ಳಲು ಜಾಗವಿರಲಿ ಎಂದು ಮೇಡಮ್ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಗುರುಮಲ್ಲಪ್ಪ ಹಾಲು ಕರೆಯಲು ಕೂತ. ಹಳೆಯ ಹಸು ತಕರಾರು ಮಾಡಲಿಲ್ಲ. ಕಿರಿಯದು ಮಾತ್ರ ಅವನ ವಾಸನೆಗೆ ಬೆದರಿ ಒದ್ದು ಪಾತ್ರೆ ಉರುಳಿಸಿತು. ಒಳಗಿನಿಂದ ಪುಟ್ಟಬಸಮ್ಮ ಕೂಗಿದಳು: "ನನ್ ಹಳೇ ಸೀರೆ ಒದ್ಕಳಿ, ಆಮ್ಯಾಕೆ ನಿಂತ್ಕತದೆ." ಗುರುಮಲ್ಲಪ್ಪ ಆಚೆ ಈಚೆ ನೋಡಿ, ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಂಡತಿಯ ಹಸಿರು ಸೀರೆಯನ್ನು ಹೆಗಲ ಮೇಲೆ ಹೊದ್ದುಕೊಂಡು ಕೂತ. ಹಸು ಹಾಲು ಇಳಿಸಿತು. ಅಡುಗೆಮನೆಯಲ್ಲಿ ನಾಗಶ್ರೀ ಬಾಯಿಗೆ ವೇಲು ಒತ್ತಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಬೆಳಿಗ್ಗೆ ನಗು ಕೇಳಿತ್ತು.

ಆ ವಾರ ನಾಲ್ಕಕ್ಕೆ ನಾಲ್ಕೂ ಕ್ಲಾಸು ಸಿಕ್ಕವು. ಶನಿವಾರ ಮೇಷ್ಟ್ರ ಜಗುಲಿಯ ಮೂಲೆಯಲ್ಲಿ ಕೂತು ಆರು ಲೆಕ್ಕ ಬಿಡಿಸಿಕೊಂಡು ಬಂದಳು. ಚಾರ್ಟು ಗೆದ್ದಿತು ಎಂದುಕೊಂಡಳು.

ಮುಂದಿನ ಸೋಮವಾರವೇ ಅದು ಬಿದ್ದುಹೋಯಿತು. ಏಳೂಕಾಲಿಗೆ ಅಡುಗೆ ಮುಗಿಸಿ ಬಂದು ನೋಡಿದರೆ ಹಾಲಿನ ಕ್ಯಾನು ಬಾಗಿಲಲ್ಲೇ ಇದೆ, ಅಣ್ಣನ ಬೈಕಿಲ್ಲ. ಗುರುಮಲ್ಲಪ್ಪ ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಸಾಲಿನಲ್ಲಿದ್ದ. ನಾಗಶ್ರೀ ಫೋನು ಮಾಡಿದರೆ ಆ ಕಡೆ ಕಾರ್ಖಾನೆಯ ಸದ್ದು.

"ನಂಗೆ ಈ ವಾರ ಫಸ್ಟ್ ಶಿಫ್ಟ್ ಕಣೆ. ಐದೂಕಾಲ್ಗೇ ಬಂದ್ಬುಟ್ಟೆ. ನಿಂಗ್ ಗೊತ್ತಿಲ್ವ?"

ಗೊತ್ತಿತ್ತು. ಅಣ್ಣನ ಪಾಳಿ ವಾರ ವಾರ ಬದಲಾಗುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಚಾರ್ಟು ಬರೆಯುವಾಗ ಯಾರಿಗೂ ನೆನಪಾಗಿರಲಿಲ್ಲ. ಹಾಲನ್ನು ಬಿಟ್ಟು ಹೋದರೆ ಒಡೆಯುತ್ತದೆ. ಕ್ಯಾನು ಹೊತ್ತು ಡೈರಿಗೆ ನಡೆದಳು, ಸಾಲಿನಲ್ಲಿ ನಿಂತಳು, ಮರಳಿ ಬಂದು ಬ್ಯಾಗು ಹಿಡಿದು ಓಡಿದಳು. ಎಂಟೂಕಾಲಿನ ಬಸ್ಸು ತಿರುವಿನಲ್ಲಿ ಮರೆಯಾಗುತ್ತಿದ್ದುದಷ್ಟೇ ಕಂಡಿತು. ತಪ್ಪಿಸಬಹುದಾಗಿದ್ದ ಒಂದೇ ಒಂದು ಕ್ಲಾಸು ಹೋಯಿತು. ಇನ್ನು ಹತ್ತೊಂಬತ್ತು ಉಳಿದಿದ್ದವು, ಹತ್ತೊಂಬತ್ತೂ ಬೇಕು.

ಸ್ಟಾಪಿನ ಕಟ್ಟೆಯ ಮೇಲೆ ಕೂತು ಅಳಬೇಕೆನಿಸಿತು. ಅಳಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮುಂದಿನ ಬಸ್ಸು ಬರುವವರೆಗೆ ಅಲ್ಲೇ ಮೂರು ಚೌಕ ಎಳೆದಳು. ಫಸ್ಟ್ ಶಿಫ್ಟು ಆರರಿಂದ ಎರಡು: ಆ ವಾರ ಅಣ್ಣ ಬೆಳಿಗ್ಗೆ ಇಲ್ಲ, ಸಂಜೆ ಇದ್ದಾನೆ. ಸೆಕೆಂಡ್ ಶಿಫ್ಟು ಎರಡರಿಂದ ಹತ್ತು: ಬೆಳಿಗ್ಗೆ ಇದ್ದಾನೆ, ಸಂಜೆ ಇಲ್ಲ. ರಾತ್ರಿ ಪಾಳಿ: ಬೆಳಿಗ್ಗೆ ಆರೂಮುಕ್ಕಾಲಿಗೆ ಬರುತ್ತಾನೆ, ಬೈಕಿನಿಂದ ಇಳಿಯುವ ಮೊದಲೇ ಕ್ಯಾನು ಕೊಟ್ಟರೆ ಡೈರಿಗೆ ಮುಟ್ಟಿಸಿ ಬಂದು ಮಲಗಬಹುದು. ಹಾಗಾದರೆ ಬೇಕಿದ್ದದ್ದು ಒಂದು ಚಾರ್ಟಲ್ಲ, ಮೂರು. ಪ್ರತಿ ಭಾನುವಾರ ರಾತ್ರಿ ಅಣ್ಣನ ಪಾಳಿ ನೋಡಿ ಯಾವುದನ್ನು ನೇತುಹಾಕಬೇಕೋ ಅದನ್ನು ನೇತುಹಾಕುವುದು.

ಅಂದು ಸಂಜೆ ಬಸವೇಶ ತಾನಾಗಿಯೇ ಹತ್ತಿರ ಬಂದು ಕೂತ. "ತಪ್ ನಂದು ಕಣೆ. ನಾನಾರ ಯೋಳ್ಬೇಕಿತ್ತು" ಎಂದ. ಫಸ್ಟ್ ಶಿಫ್ಟಿನ ವಾರ ಬೆಳಗಿನ ಹಾಲನ್ನು ಅಪ್ಪ ಒಯ್ಯಬೇಕು. ನೀರೂ ಬರುವ ದಿನವಾದರೆ? ಅಪ್ಪ ಒಬ್ಬನೇ ಎರಡು ಕಡೆ ನಿಲ್ಲಲಾರ. ಕೊನೆಗೆ ಬಸವೇಶನೇ ಒಂದು ದಾರಿ ತೆಗೆದ. ಅವನ ಹತ್ತಿರ ಹಳೆಯ ಪೈಪಿತ್ತು. ಮನೆಯ ನಲ್ಲಿಗೆ ಅದನ್ನು ಸಿಕ್ಕಿಸಿ ಡ್ರಮ್ಮಿಗೆ ಬಿಟ್ಟರೆ ನಿಂತು ಬಿಂದಿಗೆ ಹಿಡಿಯಬೇಕಿಲ್ಲ, ಡ್ರಮ್ಮು ತುಂಬಿದಾಗ ನಲ್ಲಿ ತಿರುಗಿಸುವುದಕ್ಕೆ ಅವ್ವ ಸಾಕು. ಬೀದಿ ನಲ್ಲಿಯ ನೀರೇ ರುಚಿ ಎಂದು ಕುಡಿಯುವುದಕ್ಕೆ ಅಲ್ಲಿಗೆ ಹೋಗುತ್ತಿದ್ದ ಗುರುಮಲ್ಲಪ್ಪ ಅಷ್ಟಕ್ಕೆ ಮಾತ್ರ ಎರಡು ಬಿಂದಿಗೆ ತಂದರಾಯಿತು. "ಅಷ್ಟೇ ತಾನೆ!" ಎಂದ ಬಸವೇಶ. ಎರಡು ತಿಂಗಳಿನಿಂದ ತಂಗಿ ಹೊತ್ತದ್ದನ್ನು ನೆನೆದನೋ ಏನೋ, ತನ್ನ ಕಾರ್ಖಾನೆಯ ಬಟ್ಟೆಯನ್ನು ಆ ಭಾನುವಾರ ತಾನೇ ಒಗೆದುಕೊಂಡ.

ಮೂರು ಹಾಳೆ ತಯಾರಾದವು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸಿದಳು. ದಿನ ಕಳೆದಂತೆ ಒಂದೊಂದು ಕ್ಲಾಸಿಗೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದಳು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಸೂತ್ರಗಳನ್ನು ಓದಿಕೊಂಡಳು. ಸಿಗದ ದಿನ ಕಣ್ಣು ಮುಚ್ಚಿ ನಿಂತುಕೊಂಡು ಬಾಯಿಪಾಠ ಮಾಡಿದಳು. ಜ್ವರ ಬಂದಂತಾದ ಒಂದು ಶುಕ್ರವಾರ ಮಾತ್ರೆ ನುಂಗಿ ಕಾಲೇಜಿಗೆ ಹೋಗಿ ಮೊದಲ ಪೀರಿಯಡ್ಡು ಮುಗಿಸಿ ಬಂದು ಮಲಗಿದಳು.

ಹನ್ನೆರಡನೇ ವಾರದಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಪುಟ್ಟಬಸಮ್ಮನನ್ನು ಚಾಮರಾಜನಗರದ ಆಸ್ಪತ್ರೆಗೆ ಮತ್ತೆ ತೋರಿಸಬೇಕು. ಆ ಡಾಕ್ಟರು ನೋಡುವುದು ಗುರುವಾರ ಮಾತ್ರ. ಇಂಥ ಪರೀಕ್ಷೆಗೆ ಜೊತೆಯಲ್ಲಿ ಹೆಂಗಸೊಬ್ಬಳು ಬೇಕು. ಗುರುಮಲ್ಲಪ್ಪ ಸಂಕೋಚದಿಂದಲೇ ಕೇಳಿದ: "ಒಂದ್ ದಿನ ರಜ ಆಕಕ್ಕೆ ಆಗಕಿಲ್ವ ಕೂಸೇ? ಅವ್ವಂದಲ್ವ..."

ಅವ್ವನ ಜೊತೆ ಹೋಗುವುದಿಲ್ಲ ಎನ್ನುವುದು ಹೇಗೆ? ನಾಗಶ್ರೀ ಚಾರ್ಟಿನ ಮುಂದೆ ಹೋಗಿ ನಿಂತಳು. ಗುರುವಾರ ಅಲ್ಲಾಡುವುದಿಲ್ಲ, ಡಾಕ್ಟರು ಅಲ್ಲಾಡುವುದಿಲ್ಲ, ಕ್ಲಾಸೂ ಅಲ್ಲಾಡುವುದಿಲ್ಲ. ಅಲ್ಲಾಡಬಹುದಾದದ್ದು ಜೊತೆಗೆ ಹೋಗುವವರು ಯಾರು ಎನ್ನುವುದೊಂದೇ. ಯಳಂದೂರಿನಲ್ಲಿ ಅವ್ವನ ತಂಗಿ ಚಿಕ್ಕನಿಂಗಮ್ಮ ಇದ್ದಳು. ಚಾಮರಾಜನಗರದ ಬಸ್ಸು ಹೋಗುವುದೇ ಯಳಂದೂರಿನ ಮೇಲೆ. ಅಲ್ಲೇ ನಿಂತು ಫೋನು ಮಾಡಿದಳು.

"ಚಿಕ್ಕವ್ವ, ಗುರ್ವಾರ ಒಸಿ ಅವ್ವನ್ ಜೊತೆ ಆಸ್ಪತ್ರೆಗೆ ಓಗಿಯಾ? ನೀನು ಯಳಂದೂರ್ ಸ್ಟ್ಯಾಂಡಲ್ಲೇ ಹತ್ಕಂಡ್ರಾಯ್ತು."

"ಅಯ್ಯೋ ನಮ್ಮಕ್ಕಂಗೆ ಓಗ್ದೆ ಇದ್ದಾನ? ಇಷ್ಟ್ ದಿನ ಯಾಕ್ ಕರೀನಿಲ್ಲ ನನ್ನ ಅಂತ ನಾನೇ ಕ್ವಾಪ ಮಾಡ್ಕಂಡಿದ್ದಿ" ಎಂದಳು ಚಿಕ್ಕನಿಂಗಮ್ಮ.

ಆ ಗುರುವಾರ ಮೊದಲ ಪೀರಿಯಡ್ಡಿನಲ್ಲಿ ನಾಗಶ್ರೀ ಕೂತಿದ್ದಳಾದರೂ ಬೋರ್ಡಿನ ಮೇಲಿನ ಅಂಕಿಗಳು ಕಣ್ಣಿಗೆ ಹತ್ತಲಿಲ್ಲ. ಹಾಜರಿ ಕರೆದಾಗ ಜೋರಾಗಿ ಓಗೊಟ್ಟಳು. ಜ್ಯೋತಿಲಕ್ಷ್ಮಿ ಒಂದು ಕ್ಷಣ ತಲೆಯೆತ್ತಿ ನೋಡಿ ಮುಂದಿನ ಹೆಸರಿಗೆ ಹೋದರು. ಮಧ್ಯಾಹ್ನ ಲೈಬ್ರರಿಯಲ್ಲಿದ್ದಾಗ ಚಿಕ್ಕವ್ವನ ಫೋನು ಬಂತು. ಗಾಯ ಒಣಗಿದೆ, ಗಾಬರಿಯೇನಿಲ್ಲ, ಇನ್ನೆರಡು ವಾರ ಭಾರ ಎತ್ತದಿದ್ದರೆ ಸಾಕು. ಅಂದು ಬರೆಯಬೇಕಾಗಿದ್ದ ಲೆಕ್ಕಗಳನ್ನು ಅವಳು ಬರೆಯಲಿಲ್ಲ. ಮುಂದಿನ ಬುಧವಾರದ ಖಾಲಿ ಮನೆಯಲ್ಲಿ ಮಾಡಿ ಮುಗಿಸಿದಳು.

ಹದಿನಾಲ್ಕನೆಯ ವಾರದ ಶುಕ್ರವಾರ ಕೊನೆಯ ಕ್ಲಾಸು. ಐವತ್ತಾರಕ್ಕೆ ನಲವತ್ತೆರಡು. ಸರಿಯಾಗಿ ಎಪ್ಪತ್ತೈದು, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಅಂತಿಮ ಪಟ್ಟಿ ಹಾಕಿದ ದಿನ ಅವಳು ಮೂರು ಸಲ ಮೇಲಿನಿಂದ ಕೆಳಗೆ ಓದಿದಳು. ತನ್ನ ಹೆಸರಿರಲಿಲ್ಲ. ಸ್ಟಾಫ್ ರೂಮಿಗೆ ಹೋದರೆ ಮೇಡಮ್ ಮುಂದಿನ ಸೆಮಿಸ್ಟರಿನ ಟೈಮ್ ಟೇಬಲ್ ಹರಡಿಕೊಂಡು ಕೂತಿದ್ದರು.

"ಪರೀಕ್ಷೆ ಇನ್ನೂ ಇದೆ. ಹೋಗಿ ಓದ್ಕೋ" ಎಂದರು. ಅವಳು ಬಾಗಿಲು ದಾಟುವಾಗ ಮತ್ತೆ ಕರೆದರು. "ಆ ಮೂರು ಹಾಳೆ ಫೋಟೋ ತೆಗೆದು ನನಗೆ ಕಳಿಸು. ನನ್ನ ಗಂಡನಿಗೂ ಶಿಫ್ಟ್ ಡ್ಯೂಟಿ. ಎಂಟು ವರ್ಷದಿಂದ ನನಗೆ ಇದು ಹೊಳೆದಿರಲಿಲ್ಲ."

ಪರೀಕ್ಷೆಯಲ್ಲಿ ಸ್ಟಾಟಿಸ್ಟಿಕ್ಸ್ ಅರವತ್ತಕ್ಕೆ ನಲವತ್ತೊಂದು ಬಂತು. ಟ್ಯೂಷನ್ನಿನ ದಿನಗಳು ಕಡಿಮೆಯಾದದ್ದಕ್ಕೋ ಏನೋ ಅಕೌಂಟ್ಸ್ ಮಾತ್ರ ಹೇಗೋ ದಾಟಿತು. ಅದಕ್ಕೆ ಅವಳಿಗೆ ಬೇಸರವಾಯಿತು. ಮುಂದಿನ ಸೆಮಿಸ್ಟರಿನಲ್ಲಿ ಶನಿವಾರದ ಎರಡೂ ಗಂಟೆ ಅಕೌಂಟ್ಸ್‌ಗೇ ಎಂದು ಮೇಷ್ಟ್ರಿಗೆ ಹೇಳಿ ಬಂದಳು.

ಅಷ್ಟರಲ್ಲಿ ಪುಟ್ಟಬಸಮ್ಮ ಎದ್ದು ಓಡಾಡುವಂತಾಗಿದ್ದಳು. ಕಬ್ಬು ಅರೆಯುವ ಕಾಲ ಮುಗಿಯುತ್ತ ಬಂದು ಬಸವೇಶನ ಪಾಳಿಯೂ ಬದಲಾಗಲಿತ್ತು. ಹೊಸ ಸೆಮಿಸ್ಟರಿನ ಮೊದಲ ಭಾನುವಾರ ನಾಗಶ್ರೀ ಪಡಸಾಲೆಯಲ್ಲಿ ಹೊಸ ಹಾಳೆ ಹಾಸಿ ಕೂತಳು.

"ಇನ್ಯಾಕವ್ವ ಇದು? ನಾನ್ ಎದ್ದಿವ್ನಲ್ಲ, ಎಲ್ಲಾನೂ ನಾನೇ ಮಾಡ್ಕತಿನಿ" ಎಂದಳು ತಾಯಿ.

"ಹಾಲು ಅಪ್ಪನೇ ಕರೀಲಿ. ಹಸು ಒಗ್ಗೋಗದೆ."

"ಅವ್ರ್ ಕರಿತಾರ?"

"ಕರಿತಿನಿ ಕಣಮ್ಮಿ" ಎಂದ ಗುರುಮಲ್ಲಪ್ಪ ಹೊರಗಿನಿಂದ. "ಈಗ ಸೀರೆನೂ ಬೇಕಾಗಕಿಲ್ಲ."

ನಾಗಶ್ರೀ ಅವ್ವನ ಹೆಸರಿನ ಸಾಲಿನಲ್ಲಿ ಕೆಲಸಗಳನ್ನು ಬರೆಯುತ್ತ ಹೋದಳು. ಮಧ್ಯಾಹ್ನ ಎರಡರಿಂದ ಮೂರರವರೆಗಿನ ಮನೆಯನ್ನು ಬಿಟ್ಟು ಮುಂದೆ ಹೋದಳು. ಪುಟ್ಟಬಸಮ್ಮ ಬಗ್ಗಿ ನೋಡಿದಳು. ಅಕ್ಷರ ಓದುವುದು ನಿಧಾನ, ಆದರೆ ಖಾಲಿ ಇರುವುದು ಯಾರಿಗಾದರೂ ಕಾಣುತ್ತದೆ.

"ಇಲ್ಲಿ ಏನೂ ಬರ್ದಿಲ್ವಲ್ಲ?"

"ಇಲ್ಲ."

"ಅಂಗಾರೆ ಆಗ ನಾನ್ ಏನ್ ಮಾಡ್ಲಿ?"

"ನಿನ್ನಿಷ್ಟ ಅವ್ವ. ಮಲಿಕ್ಕೋ, ಇಲ್ಲ ಎಲ್ಲಾರ ಓಗಿ ಬಾ."

ಪುಟ್ಟಬಸಮ್ಮ ಬಹಳ ಹೊತ್ತು ಆ ಚೌಕವನ್ನು ನೋಡುತ್ತ ಕೂತಳು. ಆಮೇಲೆ ಮಗಳ ಕೈಯಿಂದ ಪೆನ್ನು ತೆಗೆದುಕೊಂಡು, ಏಳನೇ ಕ್ಲಾಸಿನ ದಪ್ಪ ಅಕ್ಷರಗಳಲ್ಲಿ, ಒಂದೊಂದನ್ನೇ ನಿಲ್ಲಿಸಿ ನಿಲ್ಲಿಸಿ, ಆ ಮನೆಯೊಳಗೆ ತನ್ನ ಹೆಸರನ್ನಷ್ಟೇ ಬರೆದಳು.